ಉದ್ದನೆಯ ಮೇಲ್ ಟ್ರೇಲ್, ಭಾನುವಾರ ಮೀಟಿಂಗ್: ತೀರ್ಮಾನ ಬದಲಿಸುವ ಮೇಲ್ ಇದ್ದರೆ ಬೇಗ ಹಿಡಿಯುವುದು ಹೇಗೆ?

ಹೊಸ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಈ ತಿಂಗಳಿಂದ ಅಸೋಸಿಯೇಷನ್‌ಗೆ ನಾನು ಕಾರ್ಯದರ್ಶಿ. ಬೇಸ್‌ಮೆಂಟ್‌ನಲ್ಲಿ ಆರು ಇವಿ ಚಾರ್ಜರ್ ಹಾಕಿಸುವ ಮಾತು ಎರಡು ತಿಂಗಳಿಂದ ಮೇಲ್‌ನಲ್ಲೇ ನಡೆಯುತ್ತಿದೆ. ಹಳೇ ಕಾರ್ಯದರ್ಶಿಯವರು ಕೊನೆಯ ಮೇಲ್ ನನಗೆ ಫಾರ್ವರ್ಡ್ ಮಾಡಿ, "ಟ್ರೇಲ್ ನೋಡಿ, ಎಲ್ಲ ಅದರಲ್ಲೇ ಇದೆ" ಅಂತ ಒಂದು ಸಾಲು ಬರೆದು ಊರಿಗೆ ಹೋಗಿದ್ದಾರೆ.

ಟ್ರೇಲ್‌ನಲ್ಲಿ ನಲವತ್ತರ ಹತ್ತಿರ ಉತ್ತರಗಳಿವೆ. ಖಜಾಂಚಿಯವರ ಪ್ರಕಾರ ಎಲ್ಲರೂ ಒಪ್ಪಿದ್ದಾರೆ, ಸಹಿ ಒಂದೇ ಬಾಕಿ. ಸಹಿ ಹಾಕಬೇಕಾದವಳು ನಾನು. ಪೂರ್ತಿ ಓದೋಕೆ ಕೂತರೆ ಮೂರನೇ ಮೇಲ್‌ಗೆ ತಲೆ ತಿರುಗುತ್ತದೆ. ಅರ್ಧದಷ್ಟು "ಒಪ್ಪಿಗೆ", "+1", "ಧನ್ಯವಾದ". ಇದರ ಮಧ್ಯೆ ಎಲ್ಲೋ ಒಂದು ಮೇಲ್ ಇಡೀ ಲೆಕ್ಕ ತಲೆಕೆಳಗು ಮಾಡುವಂಥದ್ದು ಇದ್ದರೆ ಅದನ್ನು ಬೇಗ ಹಿಡಿಯುವುದು ಹೇಗೆ? ಸುಮ್ನೆ ಮೇಲಿಂದ ಕೆಳಗೆ ಓದುವುದು ಬಿಟ್ಟು ಬೇರೆ ದಾರಿ ಇದ್ದರೆ ಹೇಳಿ.

ಸುಮ್ನೆ ಓದುವವ

ಮೇಡಂ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ. ಕೊನೆಯ ಮೇಲ್ ಓದಿ, ಸಾಕು. ಅದರ ಕೆಳಗೆ ಹಳೆಯದೆಲ್ಲ ಬಂದಿರುತ್ತೆ. ಜನ ಕೊನೆಗೆ ಏನು ಒಪ್ಪಿದರೋ ಅದೇ ತೀರ್ಮಾನ. ಆಫೀಸಿನಲ್ಲಿ ನಾನು ಮಾಡುವುದೂ ಅಷ್ಟೇ, ಇವತ್ತಿನವರೆಗೆ ಏನೂ ಆಗಿಲ್ಲ.

ಎಲೆಕ್ಟ್ರಿಕ್ ಬೇಡ

ಬೇಸ್‌ಮೆಂಟ್‌ನಲ್ಲಿ ಚಾರ್ಜರ್ ಅಂದ್ರೆ ನನ್ನ ಓಟು ಬೇಡ ಅಂತಲೇ. ಬೆಂಕಿ ಹತ್ತಿದರೆ ಯಾರು ಹೊಣೆ? ಹೊರಗೆ ಗೇಟ್ ಹತ್ತಿರ ಹಾಕಿಸಿ. ಇಲ್ಲ ಅಂದ್ರೆ ವಾಟ್ಸಾಪ್‌ನಲ್ಲಿ ಪೋಲ್ ಇಡಿ, ಹತ್ತು ನಿಮಿಷದಲ್ಲಿ ಮುಗಿಯುತ್ತೆ.

ಹೊಸ ಕಾರ್ಯದರ್ಶಿ

ಸರ್, ಹಾಕಬೇಕಾ ಬೇಡವಾ ಅನ್ನೋದು ನನ್ನ ಪ್ರಶ್ನೆ ಅಲ್ಲ. ಓದುವುದು ಹೇಗೆ ಅನ್ನೋದು. ಪೋಲ್ ಆಗಲೇ ಆಗಿದೆ, ಅದರಲ್ಲಿ ಆರು ಚಾರ್ಜರ್ ಗೆದ್ದಿದೆ.

ಪರ್ಚೇಸ್ ಭಟ್ರು

ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಇಂಥ ಟ್ರೇಲ್‌ಗಳನ್ನು ಓದುವುದೇ ನನ್ನ ಕೆಲಸವಾಗಿತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಟ್ರೇಲ್ ಮುಚ್ಚಿಡಿ. ಒಂದು ಹಾಳೆ ತಗೊಂಡು ಭಾನುವಾರ ನೀವು ಸಹಿ ಹಾಕಲಿರುವ ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅಂಕಿ ಸಮೇತ. ಎಷ್ಟು ಚಾರ್ಜರ್, ಒಂದೊಂದೂ ಎಷ್ಟು ಕಿಲೋವ್ಯಾಟ್, ಯಾವ ಮೀಟರ್‌ನಿಂದ, ಎಲ್ಲಿ, ಯಾರಿಗೆ ಆರ್ಡರ್, ಎಷ್ಟು ದುಡ್ಡು. ಈ ವಾಕ್ಯ ಬರೆಯೋಕೆ ಆಗದೆ ಇದ್ದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು: ತೀರ್ಮಾನವೇ ಇನ್ನೂ ಆಗಿಲ್ಲ, ಒಪ್ಪಿದವರು ಬೇರೆ ಬೇರೆ ವಿಷಯಕ್ಕೆ ಒಪ್ಪಿದ್ದಾರೆ.

ಆಮೇಲೆ ಅದರ ಕೆಳಗೆ, ಈ ತೀರ್ಮಾನ ನಿಲ್ಲಬೇಕಾದರೆ ಏನೇನು ನಿಜವಾಗಿರಬೇಕು ಅಂತ ಬರೆಯಿರಿ. ನಿಮ್ಮ ವಿಷಯದಲ್ಲಿ ನಾಲ್ಕು ಸಾಕು ಅನ್ನಿಸುತ್ತದೆ. ದುಡ್ಡು ಇದೆ. ಜಾಗ ಇದೆ. ಅಷ್ಟು ಕರೆಂಟ್ ಇದೆ. ಒಪ್ಪಿಗೆ ಕೊಡಬೇಕಾದವರು ಕೊಟ್ಟಿದ್ದಾರೆ. ಈಗ ಟ್ರೇಲ್ ತೆಗೆದು ಒಂದೊಂದು ಮೇಲ್‌ಗೂ ಒಂದೇ ಪ್ರಶ್ನೆ ಕೇಳಿ: ಈ ನಾಲ್ಕರಲ್ಲಿ ಯಾವುದರ ಬಗ್ಗೆಯಾದರೂ ಇದು ಹೊಸ ಮಾಹಿತಿ ಕೊಡುತ್ತದಾ? ಅಭಿಪ್ರಾಯ ಅಲ್ಲ, ಮಾಹಿತಿ. ಕೊಟ್ಟರೆ ಆ ವಿಷಯದ ಮುಂದೆ ಬರೆದವರು ಯಾರು, ತಾರೀಕು ಎಷ್ಟು, ಕಾಗದ ಇದೆಯಾ ಬಾಯಿಮಾತಾ ಅಂತ ಗುರುತು ಹಾಕಿ. ಕೊಡದಿದ್ದರೆ ಮುಂದಕ್ಕೆ ಹೋಗಿ. ಒಂದು ಮೇಲ್‌ಗೆ ಐದು ಸೆಕೆಂಡ್ ಕೂಡ ಬೇಡ.

ಮುಖ್ಯವಾದದ್ದನ್ನು ಹುಡುಕುತ್ತಾ ಓದಿದರೆ ಜೋರಾಗಿ ಬರೆದವರ ಮೇಲ್‌ಗಳೇ ಕಣ್ಣಿಗೆ ಬೀಳುತ್ತವೆ. ಉದ್ದ ಬರೆದವರು, ಜಗಳ ಆಡಿದವರು, ದಪ್ಪ ಅಕ್ಷರ ಹಾಕಿದವರು. ತೀರ್ಮಾನ ಬದಲಿಸುವ ಮೇಲ್ ಸಾಮಾನ್ಯವಾಗಿ ಹಾಗಿರುವುದಿಲ್ಲ. ಎರಡು ಸಾಲು ಇರುತ್ತದೆ, ಟ್ರೇಲ್‌ನಲ್ಲಿ ಒಂದೇ ಸಲ ಬಾಯಿ ಬಿಟ್ಟವರದ್ದಾಗಿರುತ್ತದೆ, ಅದಕ್ಕೆ ಯಾರೂ ಉತ್ತರ ಬರೆದಿರುವುದಿಲ್ಲ. ಬಿಲ್ ಕೈಯಲ್ಲಿ ಹಿಡಿದವರು, ಬೀಗದ ಕೈ ಇಟ್ಟುಕೊಂಡವರು, ಕೆಲಸ ಮಾಡಬೇಕಾದವರು ಬರೆಯುವುದು ಹಾಗೇ. ಅವರಿಗೆ ವಾದ ಮಾಡುವ ಹುಕಿ ಇರುವುದಿಲ್ಲ.

ಸುಮ್ನೆ ಓದುವವ

ಭಟ್ರೇ, ಇದು ಸ್ವಲ್ಪ ಜಾಸ್ತಿ ಆಯ್ತು. ಅಪಾರ್ಟ್‌ಮೆಂಟ್ ಮೇಲ್ ಇದು, ಟೆಂಡರ್ ಅಲ್ಲ.

ಪರ್ಚೇಸ್ ಭಟ್ರು

ಇರಲಿ. ಹಾಳೆ ಒಂದೇ ಖರ್ಚು.

ಕಚೇರಿ ಕನ್ನಡಿಗ

ಸರ್ಕಾರಿ ಕಚೇರಿಯಲ್ಲಿ ವಿಷಯ ನಿರ್ವಾಹಕ ನಾನು. ಮೇಡಂ, ನಮ್ಮಲ್ಲಿ ಈ ಕಷ್ಟ ಕಡಿಮೆ, ಯಾಕೆ ಅಂತ ಹೇಳುತ್ತೇನೆ. ಕಡತದ ಟಿಪ್ಪಣಿ ಹಾಳೆಯಲ್ಲಿ ಪ್ರತಿ ಕಂಡಿಕೆಗೂ ಸಂಖ್ಯೆ ಇರುತ್ತದೆ. ಒಬ್ಬರ ಕೆಳಗೆ ಒಬ್ಬರು ಬರೆಯಲೇಬೇಕು, ಪಕ್ಕದಲ್ಲಿ ಬರೆಯೋಕೆ ಆಗಲ್ಲ. ಬಂದ ಪತ್ರಗಳು ಬೇರೆ ಭಾಗದಲ್ಲಿ, ಅವಕ್ಕೂ ಪುಟಸಂಖ್ಯೆ. ದೊಡ್ಡ ಕಡತ ಬಂದರೆ ನಾವು ನೋಡುವುದು ಮೊದಲು ಪ್ರಸ್ತಾವನೆ ಇರುವ ಕಂಡಿಕೆ, ಆಮೇಲೆ ನೇರವಾಗಿ ಆರ್ಥಿಕ ಇಲಾಖೆಯ ಅಭಿಪ್ರಾಯ. ಉಳಿದವರು ಹತ್ತು ಪುಟ ಶಿಫಾರಸು ಬರೆದಿದ್ದರೂ ಅಲ್ಲಿ "ಸಹಮತಿ ಇಲ್ಲ" ಅಂತಿದ್ದರೆ ಪ್ರಸ್ತಾವನೆ ಅಲ್ಲೇ ನಿಂತಿತು.

ನಿಮ್ಮ ಟ್ರೇಲ್‌ನಲ್ಲಿ ಆ ಆರ್ಥಿಕ ಇಲಾಖೆ ಯಾರು ಅಂತ ಕೇಳಿಕೊಳ್ಳಿ. ಯಾರು "ಆಗಲ್ಲ" ಅಂದರೆ ನಿಜಕ್ಕೂ ಆಗಲ್ಲವೋ ಅವರು. ಖಜಾಂಚಿ ಅಂತ ಅನ್ನಿಸಬಹುದು, ಆದರೆ ಇದು ಕರೆಂಟ್ ವಿಷಯ ಅಲ್ವಾ?

ಹೊಸ ಕಾರ್ಯದರ್ಶಿ

ಭಟ್ರು ಹೇಳಿದ ಹಾಗೆ ಮಾಡಿದೆ. ವಾಕ್ಯ ಬರೆಯೋಕೆ ಆಯಿತು: ಬಿ ಬ್ಲಾಕ್ ಬೇಸ್‌ಮೆಂಟ್‌ನಲ್ಲಿ ಆರು ಚಾರ್ಜರ್, ತಲಾ 7.4 ಕಿಲೋವ್ಯಾಟ್, ಕಾಮನ್ ಏರಿಯಾ ಮೀಟರ್‌ನಿಂದ.

ಆಮೇಲೆ ನಾಲ್ಕೂ ವಿಷಯದ ಮುಂದೆ ಗುರುತು ಹಾಕುತ್ತಾ ಹೋದೆ. ಜಾಗದ ಬಗ್ಗೆ ಮೇಲ್‌ಗಳ ಸುರಿಮಳೆ, ಯಾರ ಪಾರ್ಕಿಂಗ್ ಪಕ್ಕ ಬರುತ್ತದೆ ಅನ್ನೋದೇ ಗಲಾಟೆ. ದುಡ್ಡಿನ ಬಗ್ಗೆಯೂ ಸಾಕಷ್ಟು, ಕಾರು ಇಲ್ಲದವರು ಯಾಕೆ ಕೊಡಬೇಕು ಅಂತ. ಒಪ್ಪಿಗೆಗೆ ಪೋಲ್ ಇದೆ. ಕರೆಂಟ್ ಮುಂದೆ ಸಿಕ್ಕಿದ್ದು ಎರಡೇ. ಒಂದು, ಚಾರ್ಜರ್ ಮಾರುವವರ ಮೇಲ್: "ಈಗಿರುವ ಸಪ್ಲೈ ಸಾಕಾಗಬಹುದು." ಇನ್ನೊಂದು ಸಿ ಬ್ಲಾಕ್‌ನ ಒಬ್ಬರದ್ದು, ಪಾರ್ಕಿಂಗ್ ಜಗಳದ ಮಧ್ಯೆ: "ಲೋಡ್ ಲೆಕ್ಕ ನೋಡಿದ ಮೇಲೆ ನನ್ನ ಮಟ್ಟಿಗೆ ಒಂದೋ ಎರಡೋ ಸಾಕು."

ಆದರೆ ಲೋಡ್ ಲೆಕ್ಕ ಅನ್ನೋದು ಟ್ರೇಲ್‌ನಲ್ಲಿ ಎಲ್ಲೂ ಇಲ್ಲ. ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ಇವರು ಯಾವ ಲೆಕ್ಕದ ಬಗ್ಗೆ ಹೇಳುತ್ತಿದ್ದಾರೆ?

ಪರ್ಚೇಸ್ ಭಟ್ರು

ಸಿಕ್ಕಿತು ನೋಡಿ. ಅಂದರೆ ಮೇಲ್ ಸಿಕ್ಕಿಲ್ಲ, ಅದು ಇದೆ ಅನ್ನುವ ಸುಳಿವು ಸಿಕ್ಕಿತು. ಎರಡು ಸುಳಿವು ಅನ್ನಿ. ಮೊದಲನೆಯದು, ನಾಲ್ಕು ವಿಷಯದಲ್ಲಿ ಒಂದಕ್ಕೆ ಕಾಗದವೇ ಇಲ್ಲ, ಅದೂ ಚಾರ್ಜರ್ ಹಾಕುವ ಕೆಲಸದಲ್ಲಿ ಕರೆಂಟ್‌ಗೆ! "ಸಾಕಾಗಬಹುದು" ಅಂತ ಹೇಳಿದ್ದು ಮಾರುವವರು. ಎರಡನೆಯದು, ಒಬ್ಬರು ಮನಸ್ಸು ಬದಲಿಸಿದ್ದಾರೆ, ಬದಲಿಸಿದ ಕಾರಣ ನಿಮ್ಮ ಕೈಯಲ್ಲಿಲ್ಲ. ಟ್ರೇಲ್‌ನಲ್ಲಿ ಇಲ್ಲದ ಮಾತಿಗೆ ಯಾರಾದರೂ ಉತ್ತರ ಕೊಡುತ್ತಿದ್ದಾರೆ ಅಂದರೆ ಆ ಮಾತು ಬೇರೆ ಕೊಂಬೆಯಲ್ಲಿ ನಡೆದಿದೆ.

ಮೇಲೆ ಒಬ್ಬರು "ಕೊನೆಯ ಮೇಲ್‌ನಲ್ಲಿ ಎಲ್ಲ ಇರುತ್ತದೆ" ಅಂದರಲ್ಲ. ಒಬ್ಬರಾದ ಮೇಲೆ ಒಬ್ಬರು ಕೊನೆಯ ಮೇಲ್‌ಗೇ ಉತ್ತರ ಕೊಡುತ್ತಾ ಹೋದರೆ ಅದು ಸರಿ. ಆದರೆ ಯಾರೋ ಒಬ್ಬರು ಫೋನ್‌ನಲ್ಲಿ ಹಳೇ ಮೇಲ್ ತೆರೆದು ಅದಕ್ಕೇ ಉತ್ತರ ಕೊಟ್ಟರೆ ಅಲ್ಲಿಂದ ಹೊಸ ಕೊಂಬೆ ಒಡೆಯುತ್ತದೆ. ಕೊನೆಯ ಮೇಲ್‌ನ ಕೆಳಗೆ ಬರುವುದು ಅಪ್ಪ, ಅಜ್ಜ, ಮುತ್ತಜ್ಜ ಮಾತ್ರ. ಚಿಕ್ಕಪ್ಪ ದೊಡ್ಡಪ್ಪಂದಿರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಇನ್ನೊಂದು. ಉತ್ತರ ಕೊಡುವಾಗ ಅಟ್ಯಾಚ್‌ಮೆಂಟ್ ಜೊತೆಗೆ ಹೋಗುವುದಿಲ್ಲ. ನಿಮಗೆ ಬಂದಿರುವುದು ಕೊನೆಯ ಒಂದು ಮೇಲ್‌ನ ಫಾರ್ವರ್ಡ್. ಅದರ ಹಿಂದಿನ ಕೊಟೇಶನ್, ಬಿಲ್, ಫೋಟೋ ಯಾವುದೂ ಬಂದಿರುವುದಿಲ್ಲ. ಅಸೋಸಿಯೇಷನ್ ಮೇಲ್‌ಬಾಕ್ಸ್‌ನ ಪಾಸ್‌ವರ್ಡ್ ಕೇಳಿ ತಗೊಳ್ಳಿ.

ಕೋಡ್ ಗೌಡ

ಭಟ್ರ ಮಾತು ಪಕ್ಕಾ. ಮೇಡಂ, ನಿಮ್ಮದು ಜಿಮೇಲ್ ಆದರೆ ಇನ್ನೊಂದು ನೋಡಿ. ನಿಮಗೆ ಬಂದ ಫಾರ್ವರ್ಡ್‌ನ ಕೊನೆಯಲ್ಲಿ `[Message clipped] View entire message` ಅಂತ ಇದೆಯಾ? ಒಂದು ಮೇಲ್ 102 ಕೆಬಿ ದಾಟಿದರೆ ಜಿಮೇಲ್ ಅಲ್ಲಿಗೆ ಕತ್ತರಿಸಿ ತೋರಿಸುತ್ತದೆ. ಉದ್ದ ಟ್ರೇಲ್‌ಗೆ ಇದು ಸುಲಭವಾಗಿ ಆಗುತ್ತೆ. ನೀವು ಕೆಳಗಿನ ತನಕ ಹೋದೆ ಅಂದುಕೊಂಡಿರುತ್ತೀರಿ, ಕೆಳಗು ಅಲ್ಲೇ ಮುಗಿದಿರುವುದಿಲ್ಲ.

ಮೇಲ್‌ಬಾಕ್ಸ್ ಸಿಕ್ಕಿದ ಮೇಲೆ ಕಂಪ್ಯೂಟರ್‌ನಲ್ಲಿ ತೆರೆಯಿರಿ, ಫೋನ್ ಬೇಡ. ಮಾತುಕತೆಯ ಬಲಗಡೆ ಮೇಲೆ ಪ್ರಿಂಟರ್ ಚಿತ್ರ ಇರುತ್ತದೆ, `Print all`. ಒತ್ತಿದರೆ ಎಲ್ಲ ಕೊಂಬೆಗಳೂ ಸೇರಿ ಸಮಯದ ಪ್ರಕಾರ ಒಂದೇ ಪುಟವಾಗಿ ಬರುತ್ತವೆ. ಕೆಳಗೆ ಮತ್ತೆ ಮತ್ತೆ ಬರುವ ಹಳೇ ಮಾತನ್ನು ಅದೇ ಮಡಚಿ `[Quoted text hidden]` ಅಂತ ಹಾಕುತ್ತದೆ. ಮುದ್ರಿಸಬೇಕಾಗಿಲ್ಲ, ಆ ಪುಟದಲ್ಲೇ ಹುಡುಕಿ. ಯಾವ ಮೇಲ್‌ಗೆ ಯಾವ ಫೈಲ್ ಇತ್ತು ಅನ್ನೋದೂ ಕಾಣುತ್ತೆ. ಒಂದೇ ಎಚ್ಚರ: ಕೆಲವರು ಹಳೇ ಮೇಲ್‌ನ ಸಾಲುಗಳ ಮಧ್ಯೆಯೇ ಕೆಂಪು ಅಕ್ಷರದಲ್ಲಿ ಉತ್ತರ ಬರೆಯುತ್ತಾರೆ, ಅದು ಮಡಚಿದ ಭಾಗದೊಳಗೆ ಸೇರಿಕೊಂಡು ಬಿಡಬಹುದು. "ಕೆಳಗೆ ನನ್ನ ಉತ್ತರ ನೋಡಿ" ಅಂತ ಮಾತ್ರ ಇರುವ ಮೇಲ್ ಕಂಡರೆ ಅದನ್ನು ಬಿಡಿಸಿ ನೋಡಿ.

ಮತ್ತೆ, ಯಾರಾದರೂ ಸಬ್ಜೆಕ್ಟ್ ಬದಲಿಸಿದ್ದರೆ ಅದು ಬೇರೆ ಮಾತುಕತೆಯಾಗಿ ಕೂತಿರುತ್ತದೆ. ಅದಕ್ಕೆ ಹುಡುಕುವ ಜಾಗದಲ್ಲಿ ಹೀಗೆ ಹಾಕಿ, ತಾರೀಕು ನಿಮ್ಮದು ಹಾಕಿಕೊಳ್ಳಿ:

```
(charger OR load OR meter) has:attachment after:2025/05/01
```

ಕಾಗದ ಇರುವ ಮೇಲ್‌ಗಳಷ್ಟೇ ಬರುತ್ತವೆ. ಅಲ್ಲಿಂದ ಶುರು ಮಾಡಿ.

ಹೊಸ ಕಾರ್ಯದರ್ಶಿ

ಗೌಡ್ರೇ, ಹೌದು! ಆ ಕತ್ತರಿಸಿದ ಸಾಲು ಇತ್ತು, ನಾನು ಅದನ್ನು ಜಾಹೀರಾತಿನ ಥರ ನೋಡಿ ಬಿಟ್ಟಿದ್ದೆ. ಪಾಸ್‌ವರ್ಡ್ ಖಜಾಂಚಿಯವರ ಹತ್ತಿರ ಇತ್ತು, ಈಗ ಒಳಗೆ ಹೋಗಿದ್ದೇನೆ.

ಸಿಕ್ಕಿತು. ನಮ್ಮ ಮೆಂಟೆನೆನ್ಸ್ ಸೂಪರ್‌ವೈಸರ್ ಬರೆದದ್ದು. ಪಾರ್ಕಿಂಗ್ ಜಾಗ ಅಳತೆ ಮಾಡಿ ಕೊಡಿ ಅಂತ ಅವರನ್ನು ಹಿಂದೆ ಯಾವಾಗಲೋ ಕೇಳಿದ್ದರು. ಆ ಹಳೇ ಮೇಲ್‌ಗೇ ಫೋನ್‌ನಿಂದ ಉತ್ತರ ಕೊಟ್ಟಿದ್ದಾರೆ. ಮೇಲ್‌ಗಳು ಇಂಗ್ಲಿಷ್‌ನಲ್ಲಿವೆ, ಸಾರ ಇಷ್ಟು:

"ಸರ್, ಅಳತೆ ಲಗತ್ತಿಸಿದೆ. ಕಾಮನ್ ಮೀಟರ್ ಮಂಜೂರಾದ ಲೋಡ್ 60 ಕಿಲೋವ್ಯಾಟ್. ಮೇ ಬಿಲ್‌ನಲ್ಲಿ ಗರಿಷ್ಠ ಬೇಡಿಕೆ 52 ಬಂದಿದೆ, ಕೊಳಚೆ ನೀರು ಶುದ್ಧಿ ಮಾಡುವ ಎಸ್‌ಟಿಪಿಗೆ ಹೊಸ ಬ್ಲೋವರ್ ಮತ್ತು ಎರಡನೇ ಪಂಪ್ ಹಾಕಿದ ಮೇಲೆ. ಫೈನಲ್ ಮಾಡುವ ಮೊದಲು ನೋಡಿ."

ಜೊತೆಗೆ ಬಿಲ್‌ನ ಫೋಟೋ. ಇಡೀ ಎರಡು ತಿಂಗಳಲ್ಲಿ ಅವರು ಬರೆದ ಒಂದೇ ಮೇಲ್ ಇದು. ಇದಕ್ಕೆ ಉತ್ತರ ಬಂದಿರುವುದು ಒಬ್ಬರಿಂದ, ನ್ಯೂಜರ್ಸಿಯಲ್ಲಿರುವ ನಮ್ಮ ಒಬ್ಬ ಮನೆ ಮಾಲೀಕರಿಂದ: "ಇದು ಮುಖ್ಯ, ದಯವಿಟ್ಟು ಯಾರಾದರೂ ನೋಡಿ." ಅಲ್ಲಿಗೆ ಆ ಕೊಂಬೆ ಮುಗಿಯಿತು.

ದಾವಣಗೆರೆ ಕಂಟ್ರಾಕ್ಟರ್

ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಲೆಕ್ಕ ಬಾಯಲ್ಲೇ ಆಗುತ್ತೆ ಮೇಡಂ. 60ರಲ್ಲಿ 52 ಹೋದರೆ ಉಳಿಯೋದು 8. ಒಂದು ಚಾರ್ಜರ್‌ಗೆ 7.4. ಅಂದರೆ ಒಂದೇ ಒಂದು. ಆರೂ ಒಟ್ಟಿಗೆ ಓಡಿದರೆ 44.4 ಬೇಕು, 52ಕ್ಕೆ ಸೇರಿಸಿ 96.4. ಮಂಜೂರಾದ 60 ಎಲ್ಲಿ, 96 ಎಲ್ಲಿ. ಮೀಟರ್‌ನಲ್ಲಿ ದಾಟಿದ ಬೇಡಿಕೆ ದಾಖಲಾದರೆ ದಂಡದ ದರ ಬೀಳುತ್ತೆ, ಅದಕ್ಕಿಂತ ಮೊದಲು ಮೇನ್ ಬ್ರೇಕರ್ ಬಿದ್ದು ಲಿಫ್ಟ್ ನಿಂತರೂ ಆಶ್ಚರ್ಯ ಇಲ್ಲ.

ಆದರೆ ಒಂದು ಮಾತು. 52 ಅನ್ನೋದು ತಿಂಗಳಲ್ಲಿ ಒಂದು ಸಲ ಮುಟ್ಟಿದ ಗರಿಷ್ಠ. ಯಾವ ಹೊತ್ತಿನಲ್ಲಿ ಅಂತ ಬಿಲ್ ಹೇಳಲ್ಲ. ಸಾಮಾನ್ಯವಾಗಿ ಬೆಳಿಗ್ಗೆ ಪಂಪ್, ಲಿಫ್ಟ್, ಎಸ್‌ಟಿಪಿ ಎಲ್ಲ ಒಟ್ಟಿಗೆ ಓಡುವಾಗ ಬರುತ್ತೆ. ಕಾರು ಚಾರ್ಜ್ ಆಗೋದು ರಾತ್ರಿ. ರಾತ್ರಿ 11ರ ಮೇಲೆ ನಿಮ್ಮ ಲೋಡ್ 20ರ ಸುತ್ತ ಇದ್ದರೆ 40 ಖಾಲಿ, ಐದು ಚಾರ್ಜರ್ ಓಡುತ್ತೆ. ಹೊತ್ತು ನೋಡಿಕೊಂಡು ಓಡುವ ಹಾಗೆ, ಲೋಡ್ ಹಂಚಿಕೊಂಡು ಓಡುವ ಹಾಗೆ ಚಾರ್ಜರ್ ಸಿಗುತ್ತವೆ. ಆದ್ದರಿಂದ ಈ ಮೇಲ್ ನೋಡಿ "ಬೇಡ" ಅಂತ ತೀರ್ಮಾನ ಮಾಡಬೇಡಿ. "ಆರು ಚಾರ್ಜರ್ ಹೀಗೇ ಹಾಕೋದು" ಅನ್ನೋದು ಮಾತ್ರ ಬಿತ್ತು.

ಸುಮ್ನೆ ಓದುವವ

ಸರಿ, ನನ್ನ ಮಾತು ಪೂರ್ತಿ ಸರಿ ಇರಲಿಲ್ಲ ಅನ್ನಿ. ಆದರೆ ಖಜಾಂಚಿಯವರು ಈ ಮೇಲ್ ನೋಡಿಯೂ ಆರ್ಡರ್ ಮಾಡೋಣ ಅಂದರಾ? ಹಾಗಾದರೆ ಅವರ ಹತ್ತಿರ ಬೇರೆ ಲೆಕ್ಕ ಇರಬೇಕಲ್ವಾ?

ಹೊಸ ಕಾರ್ಯದರ್ಶಿ

ಅದೇ ನನಗೂ ಗೊಂದಲ. ಖಜಾಂಚಿಯವರ "ಎಲ್ಲರೂ ಒಪ್ಪಿದ್ದಾರೆ, ಫೈನಲ್" ಮೇಲ್ ಬಂದಿದ್ದು ಬುಧವಾರ ಬೆಳಿಗ್ಗೆ 7:15ಕ್ಕೆ. ನ್ಯೂಜರ್ಸಿಯವರ ಉತ್ತರದ ಕೆಳಗೆ ಸೂಪರ್‌ವೈಸರ್ ಮೇಲ್‌ನ ಸಮಯ "Tue, 11:10 PM" ಅಂತ ಇದೆ. ಅಂದರೆ ಹಿಂದಿನ ರಾತ್ರಿಯೇ ಬಂದಿತ್ತು. ಆದರೆ ಮೇಲ್‌ಬಾಕ್ಸ್‌ನಲ್ಲಿ ಅದೇ ಮೇಲ್ ತೆರೆದರೆ ಬುಧವಾರ 8:40 AM ಅಂತ ತೋರಿಸುತ್ತದೆ. ಎರಡು ಸಲ ಕಳಿಸಿದ್ದಾರಾ?

ಜರ್ಸಿ ಕನ್ನಡತಿ

ನಾನೂ ಅದೇ ಕಡೆ ಇರೋದು, ನಿಮ್ಮ ಅಪಾರ್ಟ್‌ಮೆಂಟಿನವಳಲ್ಲ ಅಷ್ಟೇ! ಎರಡು ಮೇಲ್ ಅಲ್ಲ, ಒಂದೇ. ಉತ್ತರ ಬರೆಯುವಾಗ ಕೆಳಗೆ "ಇಂಥವರು ಇಷ್ಟು ಹೊತ್ತಿಗೆ ಬರೆದರು" ಅನ್ನುವ ಸಾಲನ್ನು ಉತ್ತರ ಬರೆಯುವವರ ಮೇಲ್ ತನ್ನ ಗಡಿಯಾರದ ಪ್ರಕಾರ ಹಾಕುತ್ತದೆ. ಇಲ್ಲಿ ಬೇಸಿಗೆಯಲ್ಲಿ ನಾವು ನಿಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ನಿಮ್ಮ ಬುಧವಾರ ಬೆಳಿಗ್ಗೆ 8:40 ಅಂದರೆ ನಮ್ಮ ಮಂಗಳವಾರ ರಾತ್ರಿ 11:10. ಸರಿಹೋಯಿತಲ್ಲ.

ಚಳಿಗಾಲದಲ್ಲಿ ಹತ್ತೂವರೆ ಗಂಟೆ ಆಗುತ್ತದೆ, ಆಗ ಇನ್ನೂ ಗೊಂದಲ. ನಮ್ಮ ಅಪ್ಪನ ಜಮೀನಿನ ವಿಷಯದಲ್ಲಿ ಅಣ್ಣ, ಲಾಯರ್, ನಾನು ಮೂವರೂ ಬರೆದ ಟ್ರೇಲ್‌ನಲ್ಲಿ ಇದೇ ಜಗಳ ಆಗಿತ್ತು, "ನೀನು ನೋಡಿಯೂ ಸುಮ್ಮನಿದ್ದೆ" ಅಂತ. ಮೇಲ್‌ನ ಒಳಗಿರುವ ಸಮಯ ನಂಬಬೇಡಿ, ಮೇಲ್‌ಬಾಕ್ಸ್ ತೋರಿಸುವ ಸಮಯ ನೋಡಿ. ಅದು ಎಲ್ಲ ಮೇಲ್‌ಗೂ ಒಂದೇ ಗಡಿಯಾರ.

ಪರ್ಚೇಸ್ ಭಟ್ರು

ತುಂಬಾ ಒಳ್ಳೇ ವಿಷಯ ಹೇಳಿದಿರಿ ಅಮ್ಮ. ಇದರಿಂದ ಅರ್ಥವೇ ಬದಲಾಯಿತು ನೋಡಿ. ಖಜಾಂಚಿಯವರು ಲೆಕ್ಕ ನೋಡಿ ತಳ್ಳಿಹಾಕಿದ್ದಲ್ಲ. ಅವರು ಫೈನಲ್ ಅಂದ 85 ನಿಮಿಷದ ನಂತರ ಲೆಕ್ಕ ಬಂದಿದೆ. ಫೈನಲ್ ಅಂತ ಕೂಗಿದ ಮೇಲೆ ಬರುವ ಮೇಲ್ ಅನ್ನು ಯಾರೂ ಓದುವುದಿಲ್ಲ, ಎಲ್ಲರಿಗೂ ಮುಗಿಯಿತು ಅನ್ನಿಸಿರುತ್ತದೆ. ಅದಕ್ಕೇ "ಫೈನಲ್" ಅನ್ನುವ ಮೇಲ್ ಸಿಕ್ಕರೆ ಅದರ ಹಿಂದಿನದಕ್ಕಿಂತ ಮುಂದಿನದನ್ನು ನಾನು ಮೊದಲು ಓದುತ್ತೇನೆ.

ಈಗಲೇ ಕುಣಿಯಬೇಡಿ ಮೇಡಂ, ಇನ್ನೂ ಒಂದು ಹೆಜ್ಜೆ ಇದೆ. ಸಿಕ್ಕ ಮೇಲ್ ಇನ್ನೂ ಜೀವಂತ ಇದೆಯಾ ನೋಡಬೇಕು. ಅದರ ನಂತರ ಯಾರಾದರೂ "ಲೋಡ್ 100ಕ್ಕೆ ಏರಿಸಿದ್ದೇವೆ, ಪತ್ರ ಇಲ್ಲಿದೆ" ಅಂತ ಬರೆದಿದ್ದರೆ ಸೂಪರ್‌ವೈಸರ್ ಮೇಲ್ ಹಳೆಯದಾಯಿತು. ಆ ತಾರೀಕಿನ ನಂತರದ್ದನ್ನು ಮಾತ್ರ, ಕರೆಂಟ್ ವಿಷಯಕ್ಕೆ ಮಾತ್ರ ಓದಿ. ಅಟ್ಯಾಚ್‌ಮೆಂಟ್ ತೆರೆದು ಓದಿ, ಮೇಲ್ ಏನು ಹೇಳುತ್ತದೆ ಅನ್ನುವುದರ ಮೇಲೆ ಹೋಗಬೇಡಿ. ಮುಖ್ಯವಾಗಿ ಕೊಟೇಶನ್ ಎಷ್ಟು ಸಲ ಬದಲಾಗಿದೆ ನೋಡಿ. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು, ಬೆಲೆ ಬಿಟ್ಟು ಬೇರೆ ಏನು ಬದಲಾಗಿದೆ ಅಂತ.

ಹೊಸ ಕಾರ್ಯದರ್ಶಿ

ಭಟ್ರೇ, ನೀವು ಜ್ಯೋತಿಷ್ಯ ಹೇಳುತ್ತೀರಾ?

ಸೂಪರ್‌ವೈಸರ್ ಮೇಲ್ ನಂತರ ಲೋಡ್ ಏರಿಸಿದ ಯಾವ ಪತ್ರವೂ ಇಲ್ಲ. ಆದರೆ ಅದಾದ ಮೂರನೇ ದಿನ ಚಾರ್ಜರ್‌ನವರು ಹೊಸ ಕೊಟೇಶನ್ ಕಳಿಸಿದ್ದಾರೆ. ಮೇಲ್‌ನಲ್ಲಿ ಒಂದೇ ಸಾಲು: "ಕೇಳಿದಂತೆ ಬೆಲೆ ಇಳಿಸಿದ್ದೇವೆ." ಎಲ್ಲರೂ ಖುಷಿಯಾಗಿ ಧನ್ಯವಾದ ಹೇಳಿದ್ದಾರೆ. ಎರಡನೇ ಪುಟದ ಷರತ್ತುಗಳಲ್ಲಿ ಹಳೇ ಕೊಟೇಶನ್‌ನಲ್ಲಿ ಇಲ್ಲದ ಒಂದು ಸಾಲು ಸೇರಿದೆ. ಲೋಡ್ ಹೆಚ್ಚಿಸುವುದು ಮತ್ತು ಅದರ ಖರ್ಚು ಗ್ರಾಹಕರ ಜವಾಬ್ದಾರಿ.

ಎಲೆಕ್ಟ್ರಿಕ್ ಬೇಡ

ಮೋಸ! ನಾನು ಮೊದಲೇ ಹೇಳಿದೆ.

ಪರ್ಚೇಸ್ ಭಟ್ರು

ಮೋಸ ಅಂತ ಹೇಳೋಕೆ ಬರಲ್ಲ. ಈ ಸಾಲು ಇಂಥ ಕೊಟೇಶನ್‌ಗಳಲ್ಲಿ ಮಾಮೂಲು. ಬೆಲೆ ಇಳಿಸಿ ಅಂತ ಒತ್ತಿದಾಗ ಮಾರುವವರು ತಮ್ಮ ಪಾಲಿನ ಕೆಲಸವನ್ನೂ ಇಳಿಸುತ್ತಾರೆ. ಬೆಲೆ ಇಳಿದ ಕೊಟೇಶನ್ ಬಂದರೆ ಏನು ಕೈಬಿಟ್ಟರು ಅಂತ ನೋಡುವುದು ಕೊಳ್ಳುವವರ ಕೆಲಸ. ಆದರೆ ಮೇಡಂ, ಇದು ಸೂಪರ್‌ವೈಸರ್ ಮಾತಿಗೆ ಒಳ್ಳೆ ಬೆಂಬಲ. ಮೊದಲು "ಸಾಕಾಗಬಹುದು" ಅಂದವರೇ ಈಗ ಸಾಕಾಗದಿದ್ದರೆ ನಮ್ಮನ್ನು ಕೇಳಬೇಡಿ ಅಂತ ಬರೆದುಕೊಟ್ಟಿದ್ದಾರೆ.

ಕಚೇರಿ ಕನ್ನಡಿಗ

ಒಂದು ಸಂಶಯ. ಪೋಲ್‌ನಲ್ಲಿ ಜನ ಓಟು ಹಾಕಿದ್ದು ಹಳೇ ಕೊಟೇಶನ್ ನೋಡಿ ತಾನೆ? ಹಾಗಾದರೆ ನಿಮ್ಮ ನಾಲ್ಕನೇ ವಿಷಯ, ಒಪ್ಪಿಗೆ, ಅದೂ ಈಗ ಗಟ್ಟಿಯಿಲ್ಲ. ನಮ್ಮಲ್ಲಿ ಪ್ರಸ್ತಾವನೆ ಬದಲಾದರೆ ಕಡತ ಮತ್ತೆ ಕೆಳಗಿಂದ ಮೇಲೆ ಬರಬೇಕು.

ಕೋಡ್ ಗೌಡ

ಅಷ್ಟಕ್ಕೆಲ್ಲ ಹೋದರೆ ಮುಂದಿನ ವರ್ಷವೂ ಚಾರ್ಜರ್ ಬರಲ್ಲ ಸಾರ್. ನನ್ನ ಅಭಿಪ್ರಾಯದಲ್ಲಿ ಪೋಲ್ ಇರಲಿ, ಸಂಖ್ಯೆ ಮಾತ್ರ ಕಮಿಟಿ ಬದಲಿಸಬಹುದು. ಜನ ಒಪ್ಪಿದ್ದು ಚಾರ್ಜರ್ ಬೇಕು ಅನ್ನೋದಕ್ಕೆ.

ಕಚೇರಿ ಕನ್ನಡಿಗ

ದುಡ್ಡು ಹಂಚಿಕೆ ಆರಕ್ಕೆ ಲೆಕ್ಕ ಹಾಕಿ ಒಪ್ಪಿದ್ದಲ್ವಾ? ಎರಡು ಹಾಕಿದರೆ ತಲಾ ಎಷ್ಟು? ಲೋಡ್ ಏರಿಸುವ ಖರ್ಚು ಯಾರದ್ದು? ನಾನಂತೂ ಸಹಿ ಹಾಕಲ್ಲ.

ಹೊಸ ಕಾರ್ಯದರ್ಶಿ

ಇದರಲ್ಲಿ ಇಬ್ಬರ ಮಾತೂ ನನಗೆ ಸರಿ ಅನ್ನಿಸುತ್ತಿದೆ, ಹಾಗಾಗಿ ಮೀಟಿಂಗ್‌ಗೇ ಬಿಡುತ್ತೇನೆ. ಎಲ್ಲರಿಗೂ ಒಂದು ಮೇಲ್ ಬರೆದಿದ್ದೇನೆ, ಕಳಿಸುವ ಮೊದಲು ನೋಡಿ ಹೇಳಿ:

"ಭಾನುವಾರದ ಮೀಟಿಂಗ್‌ನಲ್ಲಿ ಚಾರ್ಜರ್ ಆರ್ಡರ್‌ಗೆ ಸಹಿ ಇಲ್ಲ. ಕಾರಣ: ಕಾಮನ್ ಮೀಟರ್‌ಗೆ ಮಂಜೂರಾದದ್ದು 60 ಕಿಲೋವ್ಯಾಟ್, ಮೇ ಗರಿಷ್ಠ 52, ಆರು ಚಾರ್ಜರ್‌ಗೆ ಬೇಕಾದದ್ದು 44.4. ಬಿಲ್ ಲಗತ್ತಿಸಿದೆ. ಲೋಡ್ ಹೆಚ್ಚಿಸುವ ಖರ್ಚು ಹೊಸ ಕೊಟೇಶನ್ ಪ್ರಕಾರ ನಮ್ಮದು, ಅದೂ ಲಗತ್ತಿಸಿದೆ, ಎರಡನೇ ಪುಟ ನೋಡಿ. ಮೀಟಿಂಗ್‌ನಲ್ಲಿ ತೀರ್ಮಾನಿಸಬೇಕಾದದ್ದು: ಈಗ ಒಂದೇ ಹಾಕುವುದಾ, ರಾತ್ರಿ ಮಾತ್ರ ಓಡುವ ಹಾಗೆ ಜಾಸ್ತಿ ಹಾಕುವುದಾ, ಲೋಡ್ ಏರಿಸಿ ಆರೂ ಹಾಕುವುದಾ."

ಪರ್ಚೇಸ್ ಭಟ್ರು

ಚೆನ್ನಾಗಿದೆ. ಎರಡು ತಿದ್ದುಪಡಿ. ಹಳೇ ಟ್ರೇಲ್‌ಗೆ ಉತ್ತರವಾಗಿ ಕಳಿಸಬೇಡಿ, ಹೊಸ ಸಬ್ಜೆಕ್ಟ್ ಹಾಕಿ ಹೊಸ ಮೇಲ್ ಮಾಡಿ. ಇಲ್ಲದಿದ್ದರೆ ಇದೂ ಅದೇ ರಾಶಿಯ ಕೆಳಗೆ ಹೋಗುತ್ತದೆ. ಮತ್ತೆ ಸೂಪರ್‌ವೈಸರ್ ಹೆಸರು, ಅವರು ಬರೆದ ತಾರೀಕು ಸೇರಿಸಿ. ಅವರು ಹೇಳಿದ್ದು ಸಮಯಕ್ಕೆ ಸರಿಯಾಗಿ ಅಂತ ದಾಖಲಾಗಲಿ. ನಾಳೆ ಯಾರಾದರೂ "ಮೊದಲೇ ಯಾಕೆ ಹೇಳಲಿಲ್ಲ" ಅಂತ ಅವರ ಮೇಲೆ ಬೀಳುತ್ತಾರೆ, ಇದು ಗ್ಯಾರಂಟಿ.

ಅಂದಹಾಗೆ, ಖಜಾಂಚಿಯವರಿಗೆ ಎಲ್ಲರಿಗಿಂತ ಮೊದಲು ಫೋನ್ ಮಾಡಿ. ಅವರು ನೋಡಿರಲಿಲ್ಲ ಅನ್ನೋದು ನಮ್ಮ ಊಹೆ. ಸಮಯ ಹಾಗೆ ಹೇಳುತ್ತದೆ, ಆದರೆ ಮನುಷ್ಯರನ್ನು ಕೇಳಬೇಕು.

ಜರ್ಸಿ ಕನ್ನಡತಿ

ನ್ಯೂಜರ್ಸಿಯವರಿಗೂ ಒಂದು ಸಾಲು ಬರೆಯಿರಿ ಪಾಪ. ಅವರೊಬ್ಬರೇ ಅದಕ್ಕೆ ಉತ್ತರ ಬರೆದದ್ದು.

ದಾವಣಗೆರೆ ಕಂಟ್ರಾಕ್ಟರ್

ಮೇಡಂ, ಮೇಲ್‌ನಲ್ಲಿ "ರಾತ್ರಿ ಮಾತ್ರ" ಅಂತ ಹಾಕಿದ್ದೀರಿ. ನಾನು 20 ಅಂದಿದ್ದು ಅಂದಾಜು, ನಿಮ್ಮ ಕಟ್ಟಡದ ಲೆಕ್ಕ ಅಲ್ಲ. ಸೂಪರ್‌ವೈಸರ್ ಹತ್ತಿರ ಪ್ಯಾನೆಲ್ ರೂಮ್ ಲಾಗ್‌ಬುಕ್ ಇದ್ದರೆ ರಾತ್ರಿಯ ರೀಡಿಂಗ್ ಕೇಳಿ. ನಿಮ್ಮ ಎಸ್‌ಟಿಪಿ ರಾತ್ರಿಯೂ ಓಡುತ್ತಾ? ಕೆಲವು ಕಡೆ ನೀರು ತುಂಬಿಸೋದೂ ರಾತ್ರಿನೇ. ಹಾಗಿದ್ದರೆ ನನ್ನ ಐದು ಚಾರ್ಜರ್ ಲೆಕ್ಕವೂ ಬೀಳುತ್ತೆ.

ಹೊಸ ಕಾರ್ಯದರ್ಶಿ

ಖಜಾಂಚಿಯವರ ಹತ್ತಿರ ಮಾತಾಡಿದೆ. ನೋಡಿರಲಿಲ್ಲ ಅಂದರು, ಬಿಲ್ ಫೋಟೋ ಕಳಿಸಿದ ಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ, ಆಮೇಲೆ ಮೀಟಿಂಗ್‌ನಲ್ಲಿ ತಾವೇ ಹೇಳುತ್ತೇನೆ ಅಂದರು. ಮೇಲ್ ಹೊಸ ಸಬ್ಜೆಕ್ಟ್‌ನಲ್ಲಿ ಹೋಯಿತು.

ಲಾಗ್‌ಬುಕ್ ಇದೆಯಂತೆ, ಆದರೆ ರಾತ್ರಿ ಪಾಳಿಯವರು ದಿನಾ ಬರೆಯಲ್ಲ ಅಂತ ಸೂಪರ್‌ವೈಸರ್ ಹೇಳುತ್ತಿದ್ದಾರೆ. ಇವತ್ತು ರಾತ್ರಿ 11ಕ್ಕೂ 2ಕ್ಕೂ ರೀಡಿಂಗ್ ತೆಗೆಸಿ ಕೊಡುತ್ತಾರೆ. ಎಸ್‌ಟಿಪಿ ಯಾವ ಹೊತ್ತಿಗೆ ಓಡುತ್ತದೆ ಅಂತಲೂ ಕೇಳಿದ್ದೇನೆ. ಬಂದ ಕೂಡಲೇ ಅಂಕಿ ಇಲ್ಲಿ ಹಾಕುತ್ತೇನೆ, ಕಂಟ್ರಾಕ್ಟರ್ ಸರ್ ಒಮ್ಮೆ ನೋಡಿ ಹೇಳಿ.